ಎರಡನೇ ಕಿಲೋಮೀಟರಿನ ಮೂಲೆ

ಬೆಂಗಳೂರಿನಲ್ಲಿ ಈಗಿರುವ ಆಟೊ ದರ 2025ರ ಆಗಸ್ಟ್ 1ರಿಂದ ಜಾರಿಗೆ ಬಂದದ್ದು. ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ದಿನಾ ಆಟೊ ಹತ್ತುವವರಿಗೆ ಇದು ಬಾಯಿಪಾಠ. ಮೀಟರ್ ಹಾಕಲ್ಲ ಅನ್ನುವ ಡ್ರೈವರಿಗೂ ಬಾಯಿಪಾಠವೇ.

ಕಾಲೇಜಿನಲ್ಲಿ ಕ್ಯಾಲ್ಕುಲಸ್ ಓದುವಾಗ ಡೆರಿವೇಟಿವ್ ಇಲ್ಲದ ಬಿಂದುವಿಗೆ ಉದಾಹರಣೆ ಅಂತ |x| ಬರೆದು ಮುಗಿಸುತ್ತಿದ್ದರು. V ಆಕಾರದ ಗ್ರಾಫ್, ತುದಿಯಲ್ಲಿ ಚೂಪು, ಅಲ್ಲಿ ಡೆರಿವೇಟಿವ್ ಇಲ್ಲ. ಸರಿ, ಇಲ್ಲ. ಅದರಿಂದ ಯಾರಿಗೇನು ಅಂತ ಯಾರೂ ಹೇಳುತ್ತಿರಲಿಲ್ಲ. ಆಟೊ ದರದಲ್ಲೂ ಅಂಥದೇ ಒಂದು ಚೂಪು ಮೂಲೆಯಿದೆ. ಆದರೆ ಇಲ್ಲಿ ಆ ಮೂಲೆಯಿಂದ ಇಬ್ಬರಿಗೆ ನೇರವಾಗಿ ಏನೋ ಆಗುತ್ತದೆ: ಒಬ್ಬರು ಹಿಂದೆ ಕೂತವರು, ಇನ್ನೊಬ್ಬರು ಮುಂದೆ ಹ್ಯಾಂಡಲ್ ಹಿಡಿದವರು.

ಮೊದಲು ದರವನ್ನು ಗಣಿತದ ಹಾಗೆ ಬರೆದುಕೊಳ್ಳೋಣ. ದೂರ d ಕಿಲೋಮೀಟರ್, ಬಾಡಿಗೆ F(d) ರೂಪಾಯಿ.

```
F(d) = 36,               0 < d ≤ 2
F(d) = 36 + 18(d − 2),   d > 2
```

ಗ್ರಾಫ್ ಬರೆದರೆ ಎರಡೇ ತುಂಡು. ಎರಡು ಕಿಲೋಮೀಟರಿನವರೆಗೆ ನೆಲಕ್ಕೆ ಸಮನಾದ ಗೆರೆ, ಅಲ್ಲಿಂದ ಮುಂದಕ್ಕೆ ಒಂದೇ ಸಮ ಏರುವ ಗೆರೆ. ಎರಡು ತುಂಡೂ ಒಂದಕ್ಕೊಂದು ಕೂಡಿಕೊಂಡಿವೆ, ನಡುವೆ ಬಿರುಕಿಲ್ಲ. d = 2 ಅಂತ ಎರಡನೇ ಸಾಲಿಗೆ ಹಾಕಿದರೂ 36 ಬರುತ್ತದೆ. ಅಂದರೆ ಫಂಕ್ಷನ್ ಎಲ್ಲೂ ಹಾರುವುದಿಲ್ಲ, ತಿರುಗುತ್ತದೆ ಅಷ್ಟೆ.

ಈಗ ಡೆರಿವೇಟಿವ್. ಅದು ಕೇಳುವ ಪ್ರಶ್ನೆ ಬಹಳ ಸರಳ: ಇನ್ನೊಂದು ಚೂರು ಮುಂದೆ ಹೋದರೆ ಬಾಡಿಗೆ ಎಷ್ಟು ಏರುತ್ತದೆ? ಒಂದು ಕಿಲೋಮೀಟರ್ ಆಗಿರುವಾಗ ಕೇಳಿದರೆ ಉತ್ತರ ಸೊನ್ನೆ. ಐದು ಕಿಲೋಮೀಟರ್ ಆಗಿರುವಾಗ ಕೇಳಿದರೆ ಕಿಲೋಮೀಟರಿಗೆ 18 ರೂಪಾಯಿ, ಅಂದರೆ ನೂರು ಮೀಟರಿಗೆ ಒಂದು ರೂಪಾಯಿ ಎಂಬತ್ತು ಪೈಸೆ. ಸರಿಯಾಗಿ ಎರಡು ಕಿಲೋಮೀಟರ್ ಆಗಿರುವಾಗ ಕೇಳಿದರೆ?

ಅಲ್ಲಿ ಉತ್ತರ ನೀವು ಯಾವ ಕಡೆ ನೋಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಸರಿಯಾಗಿ ಎರಡು ಕಿಲೋಮೀಟರ್ ದೂರದಲ್ಲಿ ನಿಮ್ಮ ಮನೆಯಿದೆ ಅಂದುಕೊಳ್ಳಿ. ನೂರು ಮೀಟರ್ ಮೊದಲೇ ಇಳಿದು ನಡೆದರೆ ಉಳಿಯುವುದು ಏನೂ ಇಲ್ಲ. ನೂರು ಮೀಟರ್ ಮುಂದೆ ಹೋಗಿ ಅಂಗಡಿ ಹತ್ತಿರ ಇಳಿದರೆ 1 ರೂಪಾಯಿ 80 ಪೈಸೆ ಜಾಸ್ತಿ. ನೂರು ಮೀಟರಿನ ಬದಲು ಹತ್ತು ಮೀಟರ್ ಇಟ್ಟುಕೊಳ್ಳಿ, ಒಂದು ಮೀಟರ್ ಇಟ್ಟುಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ. ಹಿಂದಕ್ಕೆ ನೋಡಿದರೆ ದರ ಸೊನ್ನೆ, ಮುಂದಕ್ಕೆ ನೋಡಿದರೆ 18. ಎಡದಿಂದ ಬರುವ ಲಿಮಿಟ್ ಒಂದು, ಬಲದಿಂದ ಬರುವ ಲಿಮಿಟ್ ಇನ್ನೊಂದು. ಎರಡೂ ಒಂದೇ ಆಗದಿದ್ದರೆ ಡೆರಿವೇಟಿವ್ ಇಲ್ಲ ಅನ್ನುವುದು ನಿಯಮ. ಸರಾಸರಿ ತೆಗೆದು 9 ಅಂದುಬಿಡೋಣ ಅನ್ನುವ ಆಸೆ ಬರಬಹುದು. ಆದರೆ ಕಿಲೋಮೀಟರಿಗೆ 9 ರೂಪಾಯಿ ಅನ್ನುವ ದರ ಹಿಂದಕ್ಕೆ ಹೋದರೂ ಸಿಗುವುದಿಲ್ಲ, ಮುಂದಕ್ಕೆ ಹೋದರೂ ಸಿಗುವುದಿಲ್ಲ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ನನಗೆ ಇದರ ಮುಂದಿನದೇ ಕುತೂಹಲ.

ಎರಡನೇ ಸಾಲನ್ನು ಇನ್ನೊಮ್ಮೆ ನೋಡಿ. 36 + 18(d − 2). ಬಿಡಿಸಿದರೆ 36 + 18d − 36. ಉಳಿಯುವುದು ಬರೀ 18d. ಅಂದರೆ ಎರಡು ಕಿಲೋಮೀಟರ್ ದಾಟಿದ ಮೇಲೆ ಬಾಡಿಗೆ ಅಂದರೆ ದೂರ ಗುಣಿಸು 18, ಅಷ್ಟೇ. ಏರುವ ಗೆರೆಯನ್ನು ಸ್ಕೇಲ್ ಇಟ್ಟು ಹಿಂದಕ್ಕೆ ಎಳೆದರೆ ಅದು ಸೊನ್ನೆಯ ಬಿಂದುವಿಗೇ ಬಂದು ಸೇರುತ್ತದೆ. ಬಾಯಿಲೆಕ್ಕಕ್ಕೂ ಇದು ಒಳ್ಳೆಯದು. ಏಳು ಕಿಲೋಮೀಟರ್ ಅಂದರೆ ಏಳು ಹದಿನೆಂಟಲೆ 126. ಮೊದಲ ಎರಡನ್ನು ಕಳೆದು, ಉಳಿದದ್ದನ್ನು ಗುಣಿಸಿ, 36 ಕೂಡಿಸುವ ಕಷ್ಟವೇ ಬೇಡ.

ಇದರ ಅರ್ಥ ಏನೆಂದರೆ, ಬೆಂಗಳೂರಿನ ದರದಲ್ಲಿ 'ಹತ್ತಿದ್ದಕ್ಕೆ ಇಷ್ಟು' ಅನ್ನುವ ಪ್ರತ್ಯೇಕ ಭಾಗವೇ ಇಲ್ಲ. ಕನಿಷ್ಠ ಬಾಡಿಗೆ ಅನ್ನುವುದು ಒಂದು ತಳ ಮಾತ್ರ: 18d ಮತ್ತು 36, ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಕೊಡಿ. ಎಲ್ಲ ಊರಲ್ಲೂ ಹೀಗಿಲ್ಲ. ದೆಹಲಿಯಲ್ಲಿ 2023ರಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 11. ಅದನ್ನು ಬಿಡಿಸಿದರೆ 13.50 + 11d ಬರುತ್ತದೆ. ಅಲ್ಲಿ ಎಷ್ಟು ದೂರ ಹೋದರೂ ಹದಿಮೂರೂವರೆ ರೂಪಾಯಿ ಜೊತೆಗೇ ಬರುತ್ತದೆ, ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ಸರಾಸರಿ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಎರಡರಿಂದ ಮುಂದೆ ಸರಾಸರಿ ಹದಿನೆಂಟೇ, ಡೆರಿವೇಟಿವ್ ಕೂಡ ಹದಿನೆಂಟೇ.

ನಮ್ಮ ಹಳೆಯ ದರಗಳಲ್ಲೂ ಇದೇ ಗುಣ ಕಾಣುತ್ತದೆ. 2021ರ ಡಿಸೆಂಬರಿನಿಂದ ಎರಡು ಕಿಲೋಮೀಟರಿಗೆ 30, ಆಮೇಲೆ 15. ಮತ್ತೆ ಎರಡು ಪಟ್ಟು. ಅದಕ್ಕೂ ಮುಂಚೆ, 2013ರಲ್ಲಿ ನಿಗದಿಯಾದದ್ದು 1.9 ಕಿಲೋಮೀಟರಿಗೆ 25, ಆಮೇಲೆ 13. ಆ 1.9 ನೋಡಿ ಎಷ್ಟೋ ಜನ ನಕ್ಕಿರಬಹುದು. ಆದರೆ 13 ಗುಣಿಸು 1.9 ಅಂದರೆ 24.70. ಮೂವತ್ತು ಪೈಸೆ ಹೆಚ್ಚುಕಮ್ಮಿ ಬಿಟ್ಟರೆ ಅದೂ ಸೊನ್ನೆಗೇ ಸೇರುವ ಗೆರೆ. 2025ರಲ್ಲಿ 30 ಹೋಗಿ 36 ಆಯಿತು, 15 ಹೋಗಿ 18 ಆಯಿತು, ಎರಡೂ ಶೇಕಡಾ 20 ಏರಿಕೆ. ಎರಡನ್ನೂ ಒಂದೇ ಪಟ್ಟು ಏರಿಸಿದರೆ ಗ್ರಾಫ್ ಮೇಲಕ್ಕೆ ಎಳೆದುಕೊಳ್ಳುತ್ತದೆಯೇ ಹೊರತು ಮೂಲೆ ಕೂತಲ್ಲಿಂದ ಅಲುಗುವುದಿಲ್ಲ. ರಾತ್ರಿ ದರದ ಕಥೆಯೂ ಅದೇ. 54 ಮತ್ತು 27. ಮೂಲೆ ಇನ್ನೂ ಚೂಪಾಗುತ್ತದೆ, ಜಾಗ ಮಾತ್ರ ಎರಡೇ.

ಒಂದು ಅಡ್ಡಮಾತು. ಕಾಯುವುದಕ್ಕೆ ಕೊಡುವ ದುಡ್ಡಿನ ಗ್ರಾಫ್ ಹೀಗಲ್ಲ. ಮೊದಲ ಐದು ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ ಅಥವಾ ಅದರ ಭಾಗಕ್ಕೆ 10 ರೂಪಾಯಿ. 'ಅದರ ಭಾಗಕ್ಕೆ' ಅಂದಮೇಲೆ ಐದು ನಿಮಿಷ ದಾಟಿ ಒಂದು ಸೆಕೆಂಡ್ ಆದರೂ ಹತ್ತು ರೂಪಾಯಿ. ಇದು ಮೂಲೆಯಲ್ಲ, ಮೆಟ್ಟಿಲು. ಇಲ್ಲಿ ಫಂಕ್ಷನ್ ತಿರುಗುವುದಿಲ್ಲ, ಹಾರುತ್ತದೆ. ಎರಡು ಜಾಗದಲ್ಲೂ ಡೆರಿವೇಟಿವ್ ಇಲ್ಲ, ಆದರೆ ಕಾರಣ ಬೇರೆ. ಮೆಡಿಕಲ್ ಸ್ಟೋರಿಗೆ ಅಂತ ಆಟೊ ನಿಲ್ಲಿಸಿ ಹೋದವರು ಐದು ನಿಮಿಷ ಮುಗಿಯುವ ಹೊತ್ತಿಗೆ ಓಡಿ ಬಂದರೆ ಅರ್ಥವಿದೆ. ಎರಡು ಕಿಲೋಮೀಟರ್ ಹತ್ತಿರ ಬಂದಾಗ 'ಇಲ್ಲೇ ಇಳಿಸಿಬಿಡಿ' ಅಂತ ಗಾಬರಿಯಾಗಬೇಕಾದ್ದಿಲ್ಲ. ಇಪ್ಪತ್ತು ಮೀಟರ್ ಜಾಸ್ತಿಯಾದರೆ ಹೋಗುವುದು 36 ಪೈಸೆ.

ಮೀಟರ್ ನಿಜವಾಗಿ 36 ಪೈಸೆ ತೋರಿಸುತ್ತದಾ? ಇಲ್ಲ. ಅದು ಕಾಗದದ ಮೇಲಿನ ದರ. ಡಿಜಿಟಲ್ ಮೀಟರನ್ನು ಹಿಂದೆ ಕೂತು ಗಮನಿಸಿ: ಅಂಕಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಟಕ್ ಅಂತ ಬದಲಾಗುತ್ತದೆ. ಸುಮ್ನೆ ಲೆಕ್ಕಕ್ಕೆ ನೂರು ಮೀಟರಿಗೊಮ್ಮೆ 1.80 ಏರುತ್ತದೆ ಅಂದುಕೊಳ್ಳೋಣ. ಆಗ ಕಾಗದದಲ್ಲಿ ಏರುವ ಗೆರೆ ಇದ್ದ ಕಡೆಯೆಲ್ಲ ಮೀಟರಿನಲ್ಲಿ ಸಣ್ಣ ಸಣ್ಣ ಮೆಟ್ಟಿಲು. ಎರಡು ಮೆಟ್ಟಿಲ ನಡುವೆ ಎಲ್ಲಿ ನೋಡಿದರೂ ಡೆರಿವೇಟಿವ್ ಸೊನ್ನೆ, ಮೆಟ್ಟಿಲು ಹತ್ತುವ ಜಾಗದಲ್ಲಿ ಡೆರಿವೇಟಿವ್ ಇಲ್ಲವೇ ಇಲ್ಲ. ಹದಿನೆಂಟು ಅನ್ನುವ ಸಂಖ್ಯೆ ಮೀಟರಿನ ಫಂಕ್ಷನ್ನಿಗೆ ಒಂದು ಬಿಂದುವಿನಲ್ಲೂ ಡೆರಿವೇಟಿವ್ ಆಗಿ ಸಿಗುವುದಿಲ್ಲ! ಇದ್ದಲ್ಲೆಲ್ಲ ಸೊನ್ನೆಯೇ ಇರುವ ಡೆರಿವೇಟಿವ್ ಇಟ್ಟುಕೊಂಡು ಬಾಡಿಗೆ ಮಾತ್ರ 36ರಿಂದ 90ಕ್ಕೆ ಏರಿರುತ್ತದೆ. ಏರಿದ್ದೆಲ್ಲ ಆ ಹಾರುವ ಬಿಂದುಗಳಲ್ಲೇ. ಒಂದು ಕಿಲೋಮೀಟರ್ ಅಗಲದ ಕಿಟಕಿಯಿಂದ ನೋಡಿದರೆ 18 ಕಾಣುತ್ತದೆ, ಹತ್ತು ಮೀಟರಿನ ಕಿಟಕಿಯಿಂದ ನೋಡಿದರೆ ಒಂದೋ ಸೊನ್ನೆ, ಇಲ್ಲ ಕಿಲೋಮೀಟರಿಗೆ 180. ಆದ್ದರಿಂದ ಡೆರಿವೇಟಿವ್ ಲೆಕ್ಕ ಹಾಕುವುದಿದ್ದರೆ ದರಪಟ್ಟಿಯ ಫಂಕ್ಷನ್ನನ್ನೇ ಹಿಡಿಯಬೇಕು, ಮೀಟರಿನ ಅಂಕಿಯನ್ನು ನಂಬಿದರೆ ತೀರಾ ಹತ್ತಿರ ಹೋದಷ್ಟೂ ದಾರಿ ತಪ್ಪುತ್ತದೆ.

ಇನ್ನು ಮುಂದೆ ಕೂತವರ ಕಡೆಗೆ ಬರೋಣ.

ನಮ್ಮ ಬೀದಿ ಕೊನೆಯ ಸ್ಟ್ಯಾಂಡಿನಲ್ಲಿ ನಿಂತು ಎಲ್ಲಿಗೆ ಅಂತ ಹೇಳಿದರೆ ಕೆಲವು ಸಲ ಬರುವ ಉತ್ತರ: "ಅಲ್ಲಿಗಾ? ಎರಡು ಕಿಲೋಮೀಟರ್ ಅಲ್ವಾ ಸಾರ್, ಗಿಟ್ಟಲ್ಲ." ಇದು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಯಾಕೆಂದರೆ ಎರಡರ ನಂತರ ಕಿಲೋಮೀಟರಿಗೆ ಸಿಗುವುದು ಎಲ್ಲ ಕಡೆ ಹದಿನೆಂಟೇ. ಎರಡು ಕಿಲೋಮೀಟರಿಗೂ ಹದಿನೆಂಟು, ಹತ್ತು ಕಿಲೋಮೀಟರಿಗೂ ಹದಿನೆಂಟು. ಎರಡಕ್ಕಿಂತ ಕಮ್ಮಿ ದೂರವಾದರೆ ಇನ್ನೂ ಜಾಸ್ತಿಯೇ ಬಿತ್ತಲ್ಲ. ಮತ್ತೆ ಯಾಕೆ ಗಿಟ್ಟಲ್ಲ?

ಉತ್ತರ ಕಿಲೋಮೀಟರಿನಲ್ಲಿಲ್ಲ, ನಿಮಿಷದಲ್ಲಿದೆ. ಡ್ರೈವರಿಗೆ ದಿನದಲ್ಲಿ ಇರುವುದು ಇಷ್ಟು ಗಂಟೆ. ಒಂದು ಬಾಡಿಗೆ ಇಳಿಸಿದ ಮೇಲೆ ಇನ್ನೊಂದು ಸಿಗುವವರೆಗೆ ಖಾಲಿ ಓಡಬೇಕು, ಇಲ್ಲ ಸ್ಟ್ಯಾಂಡಿನಲ್ಲಿ ಕಾಯಬೇಕು. ಅದಕ್ಕೆ ಹತ್ತು ನಿಮಿಷ ಅಂತ ಇಟ್ಟುಕೊಳ್ಳೋಣ. ಟ್ರಾಫಿಕ್ಕಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗ ಅಂದರೆ ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷ. ಇವು ನನ್ನ ಅಂದಾಜು, ನಿಮ್ಮ ಏರಿಯಾಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ. ಆಗ d ಕಿಲೋಮೀಟರಿನ ಒಂದು ಬಾಡಿಗೆಗೆ ಒಟ್ಟು ಹಿಡಿಯುವ ಹೊತ್ತು 10 + 4d ನಿಮಿಷ. ನಿಮಿಷಕ್ಕೆ ದುಡಿಮೆ:

```
R(d) = F(d) / (10 + 4d)
```

ಒಂದೊಂದಾಗಿ ಹಾಕಿ ನೋಡೋಣ. ಅರ್ಧ ಕಿಲೋಮೀಟರಿಗೆ 36 ರೂಪಾಯಿ, 12 ನಿಮಿಷ. ನಿಮಿಷಕ್ಕೆ 3 ರೂಪಾಯಿ. ಒಂದು ಕಿಲೋಮೀಟರಿಗೆ ಅದೇ 36, ಆದರೆ 14 ನಿಮಿಷ, ನಿಮಿಷಕ್ಕೆ ಸುಮಾರು 2.57. ಎರಡು ಕಿಲೋಮೀಟರಿಗೆ ಇನ್ನೂ ಅದೇ 36, 18 ನಿಮಿಷ, ನಿಮಿಷಕ್ಕೆ ಸರಿಯಾಗಿ 2 ರೂಪಾಯಿ. ಮೂರಕ್ಕೆ 54 ರೂಪಾಯಿ, 22 ನಿಮಿಷ, 2.45. ಐದಕ್ಕೆ 90 ರೂಪಾಯಿ, 30 ನಿಮಿಷ, ಮತ್ತೆ 3. ಹತ್ತಕ್ಕೆ 180 ರೂಪಾಯಿ, 50 ನಿಮಿಷ, 3.60.

ಇಳಿದು ಇಳಿದು ಎರಡಕ್ಕೆ ಬಂದು, ಅಲ್ಲಿಂದ ಏರುತ್ತದೆ. ಡ್ರೈವರಿಗೆ ಎಲ್ಲಕ್ಕಿಂತ ಕಮ್ಮಿ ಗಿಟ್ಟುವ ದೂರ ಸರಿಯಾಗಿ ಎರಡು ಕಿಲೋಮೀಟರ್. ಅದೇ ಡೆರಿವೇಟಿವ್ ಇಲ್ಲದ ಜಾಗ.

ಇದು ನಾನು ಆರಿಸಿಕೊಂಡ ಸಂಖ್ಯೆಗಳ ಕೈಚಳಕ ಅಲ್ಲ. ಎರಡರವರೆಗೆ ಮೇಲಿನ 36 ಅಲುಗುವುದಿಲ್ಲ, ಕೆಳಗಿನ ನಿಮಿಷ ಮಾತ್ರ ಬೆಳೆಯುತ್ತದೆ, ಆದ್ದರಿಂದ R ಇಳಿಯಲೇಬೇಕು. ಎರಡರ ನಂತರ R ಅಂದರೆ 18d/(10 + 4d). ಅದರ ಡೆರಿವೇಟಿವ್ ತೆಗೆದರೆ ಮೇಲೆ 180, ಕೆಳಗೆ (10 + 4d)ರ ವರ್ಗ. ಯಾವಾಗಲೂ ಪಾಸಿಟಿವ್. ಹತ್ತು ನಿಮಿಷದ ಬದಲು ಮೂರು ನಿಮಿಷ ಕಾಯಲಿ, ಇಪ್ಪತ್ತು ಕಾಯಲಿ, ವೇಗ ಎಷ್ಟೇ ಇರಲಿ, ಕಾಯುವ ಹೊತ್ತು ಸೊನ್ನೆಗಿಂತ ಜಾಸ್ತಿ ಇರುವವರೆಗೆ ತಳ ಎರಡರಲ್ಲೇ. ದೂರದ ಬಾಡಿಗೆಯಲ್ಲಿ R ಮೆಲ್ಲಗೆ 4.50ರ ಕಡೆ ಹೋಗುತ್ತದೆ, ಮುಟ್ಟುವುದಿಲ್ಲ. ನಿಮಿಷಕ್ಕೆ ಕಾಲು ಕಿಲೋಮೀಟರ್ ಓಡುವ ಆಟೊಕ್ಕೆ ಕಿಲೋಮೀಟರಿಗೆ 18ರಂತೆ ನಿಮಿಷಕ್ಕೆ 4.50 ತಾನೇ. ಕಾಯುವುದೇ ಇಲ್ಲದಿದ್ದರೆ ಮಾತ್ರ ಅಷ್ಟು ಸಿಗುತ್ತಿತ್ತು.

ಕನಿಷ್ಠ ಅಥವಾ ಗರಿಷ್ಠ ಹುಡುಕಬೇಕಾದರೆ ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡಿ ಅಂತ ನಾವೆಲ್ಲ ಕಲಿತಿದ್ದೇವೆ. ಇಲ್ಲಿ ಹಾಗೆ ಮಾಡಿದರೆ ಕೈಗೆ ಏನೂ ಸಿಗುವುದಿಲ್ಲ. ಎಡಗಡೆಯ ಡೆರಿವೇಟಿವ್ ಎಲ್ಲ ಕಡೆ ನೆಗೆಟಿವ್, ಬಲಗಡೆಯದು ಎಲ್ಲ ಕಡೆ ಪಾಸಿಟಿವ್, ಸೊನ್ನೆ ಎಲ್ಲೂ ಇಲ್ಲ. ಎರಡರ ಹತ್ತಿರ ಬಂದರೆ ಎಡದಿಂದ ಸುಮಾರು −0.44, ಬಲದಿಂದ +0.56. ಸೊನ್ನೆಯನ್ನು ಮುಟ್ಟದೆ ನೆಗೆಟಿವ್‌ನಿಂದ ಪಾಸಿಟಿವ್‌ಗೆ ಹಾರಿಬಿಡುತ್ತದೆ. 'ಡೆರಿವೇಟಿವ್ ಇಲ್ಲದ ಬಿಂದುಗಳನ್ನೂ ಪರೀಕ್ಷಿಸಿ' ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತದಲ್ಲ, ಪರೀಕ್ಷೆಗೆ ಬರಲ್ಲ ಅಂತ ನಾವು ಬಿಟ್ಟುಬಿಡುತ್ತಿದ್ದ ಸಾಲು, ಅದು ಇರುವುದು ಇದಕ್ಕೇ.

ಊರಾಚೆ ಕಡೆ ಬಾಡಿಗೆ ಹೋದರೆ ವಾಪಸ್ ಖಾಲಿ ಬರಬೇಕು, ಅದನ್ನು ಬಿಟ್ಟಿದ್ದೀಯಲ್ಲ ಅಂತ ಕೇಳಬಹುದು. ಹೌದು. ಪೂರ್ತಿ ದೂರ ಖಾಲಿ ಬಂದರೆ ಕಿಲೋಮೀಟರಿಗೆ ನಾಲ್ಕರ ಬದಲು ಎಂಟು ನಿಮಿಷ. ಹತ್ತು ಕಿಲೋಮೀಟರಿನ ಬಾಡಿಗೆಗೆ 180 ರೂಪಾಯಿ, 90 ನಿಮಿಷ, ನಿಮಿಷಕ್ಕೆ ಬರೀ 2 ರೂಪಾಯಿ. ಊರೊಳಗಿನ ಎರಡು ಕಿಲೋಮೀಟರಿಗೂ ಅಷ್ಟೇ ಅಲ್ವಾ? ಜಾಗ ಕೇಳಿ ಮುಖ ತಿರುಗಿಸುವ ಎರಡು ಬಗೆಗೂ ಲೆಕ್ಕ ಒಂದೇ.

ಈಗ ಮೀಟರ್ ಮೇಲಿನ ಮಾತು. ಬೆಂಗಳೂರಿನಲ್ಲಿ ಚೌಕಾಶಿ ಸಾಮಾನ್ಯವಾಗಿ ಎರಡು ರೂಪದಲ್ಲಿ ಬರುತ್ತದೆ. "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅನ್ನುವುದು ಒಂದು, "ಒಂದೂವರೆ ಕೊಡಿ" ಅನ್ನುವುದು ಇನ್ನೊಂದು. ಕೇಳಲು ಎರಡೂ ಒಂದೇ ಥರದ ಕಿರಿಕಿರಿ. ಗ್ರಾಫಿನಲ್ಲಿ ಎರಡೂ ಬೇರೆ ಬೇರೆ. ಮೊದಲನೆಯದು ಇಡೀ ಗ್ರಾಫನ್ನು ಇಪ್ಪತ್ತು ರೂಪಾಯಿ ಮೇಲಕ್ಕೆ ಎತ್ತುತ್ತದೆ, ಏರುವ ಸ್ಲೋಪ್ ಹದಿನೆಂಟೇ ಉಳಿಯುತ್ತದೆ. ಎರಡನೆಯದು ಸ್ಲೋಪನ್ನೇ 27 ಮಾಡುತ್ತದೆ. ಎರಡು ಕಿಲೋಮೀಟರಿಗೆ ಮೊದಲನೆಯದರಲ್ಲಿ 56, ಎರಡನೆಯದರಲ್ಲಿ 54. ಹತ್ತು ಕಿಲೋಮೀಟರಿಗೆ ಮೊದಲನೆಯದರಲ್ಲಿ 200, ಎರಡನೆಯದರಲ್ಲಿ 270. ಎರಡೂ ಸಮವಾಗುವುದು ಸುಮಾರು 2.2 ಕಿಲೋಮೀಟರಿನಲ್ಲಿ, ಹೆಚ್ಚುಕಮ್ಮಿ ಮೂಲೆಯ ಪಕ್ಕದಲ್ಲೇ. ಅದಕ್ಕಿಂತ ದೂರ ಹೋಗುವವರು ಇಪ್ಪತ್ತಕ್ಕೆ ಹೂಂ ಅಂದು ಹತ್ತಿಬಿಡುವುದು ವಾಸಿ. ಎರಡೂ ನಿಯಮದ ಪ್ರಕಾರ ತಪ್ಪು ಅನ್ನುವುದು ಬೇರೆ ಮಾತು.

ಆದರೆ ಎರಡು ಕಿಲೋಮೀಟರಿಗೆ ಇಪ್ಪತ್ತು ಜಾಸ್ತಿ ಕೇಳುವವರನ್ನು ದುರಾಸೆ ಅಂದುಬಿಡುವುದು ಈ ಲೆಕ್ಕ ನೋಡಿದ ಮೇಲೆ ನನಗೆ ಕಷ್ಟ. 56 ರೂಪಾಯಿ, 18 ನಿಮಿಷ, ನಿಮಿಷಕ್ಕೆ 3.11. ಐದು ಕಿಲೋಮೀಟರಿನ ಬಾಡಿಗೆಯಲ್ಲಿ ನಿಯಮದ ಪ್ರಕಾರವೇ ಸಿಗುವ 3 ರೂಪಾಯಿಯ ಹತ್ತಿರಕ್ಕೆ ಅವರು ಬಂದಿರುತ್ತಾರೆ ಅಷ್ಟೆ.

ಹಾಗಾದರೆ ಮೂಲೆಯೇ ಇಲ್ಲದ ದರ ಮಾಡಬಹುದಾ? ಗಣಿತಕ್ಕೆ ಇದು ಸುಲಭ. ಯಾವ ದೂರಕ್ಕೂ ನಿಮಿಷಕ್ಕೆ 3 ರೂಪಾಯಿ ಸಿಗಬೇಕು ಅನ್ನೋಣ. 3 ಗುಣಿಸು (10 + 4d), ಅಂದರೆ 30 + 12d. ಹತ್ತಿದಾಗಲೇ 30 ರೂಪಾಯಿ, ಮೊದಲ ಮೀಟರಿನಿಂದಲೇ ಕಿಲೋಮೀಟರಿಗೆ 12. ಒಂದೇ ನೇರ ಗೆರೆ, ಓಡಿದ ದೂರದುದ್ದಕ್ಕೂ ಡೆರಿವೇಟಿವ್ 12. ಅರ್ಧ ಕಿಲೋಮೀಟರಿಗೆ ಈಗಿನ ಹಾಗೇ 36, ಐದಕ್ಕೂ ಈಗಿನ ಹಾಗೇ 90. ಹತ್ತು ಕಿಲೋಮೀಟರಿಗೆ 180ರ ಬದಲು 150. ದೆಹಲಿಯ ದರ ಅರ್ಧ ದಾರಿ ಈ ಕಡೆ ಬಂದಿದೆ ಅನ್ನಬಹುದು.

ಎಡವಟ್ಟು ಇರುವುದು ನಡುವೆ. ಒಂದು ಕಿಲೋಮೀಟರಿಗೆ 42, ಎರಡಕ್ಕೆ 54. ಮೆಟ್ರೊ ಸ್ಟೇಷನ್ನಿನಿಂದ ಮನೆಗೆ, ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ಮನೆಗೆ, ಮೊಣಕಾಲು ನೋವಿನ ಅಮ್ಮನನ್ನು ಕ್ಲಿನಿಕ್ಕಿಗೆ, ಇಂಥ ಓಡಾಟವೆಲ್ಲ ಬೀಳುವುದು ಆ ಜಾಗದಲ್ಲೇ. ಈಗ 36 ಕೊಡುವವರು 54 ಕೊಡಬೇಕು, ಆ ಕಡೆ ದೂರ ಹೋಗುವವರಿಗೆ 30 ರೂಪಾಯಿ ಉಳಿಯುತ್ತದೆ. ದರ ನಿಗದಿ ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ. 'ಎರಡು ಕಿಲೋಮೀಟರಿಗೆ 54' ಅಂತ ಪೇಪರಿನ ಮೊದಲ ಪುಟದಲ್ಲಿ ಬಂದರೆ ಅದರ ಕೆಳಗಿನ ಲೆಕ್ಕವನ್ನು ಯಾರೂ ಓದುವುದಿಲ್ಲ. ಮೂಲೆ ಇರುವ ದರದಲ್ಲಿ ಆ ವ್ಯತ್ಯಾಸದ 18 ರೂಪಾಯಿಯನ್ನು ಯಾರೋ ಕೊಡುತ್ತಲೇ ಇದ್ದಾರೆ. ಎರಡು ಕಿಲೋಮೀಟರ್ ಅಂದಾಗ ಹೂಂ ಅಂದು ಮೀಟರ್ ಹಾಕಿದ ಡ್ರೈವರ್ ಕೊಡುತ್ತಾರೆ. ಇಲ್ಲ ಅಂದರೆ, ಮೂರು ಆಟೊ ಕೈಬಿಟ್ಟು ನಾಲ್ಕನೆಯದಕ್ಕೆ ಕೈ ಅಡ್ಡ ಹಾಕಿದ ಸವಾರಿ "ಮೀಟರ್ ಮೇಲೆ ಇಪ್ಪತ್ತು" ಅಂತ ಒಪ್ಪಿಕೊಂಡು ಕೊಡುತ್ತಾರೆ.